ಅಗಲ ಕತ್ತರಿಸಿ, ಎತ್ತರ ಬಿಡಿ

ಅಂಗಡಿಯಲ್ಲಿ ಸಿಗದ, ಮರುಮುದ್ರಣ ಕಾಣದ ಕನ್ನಡ ಪುಸ್ತಕವೊಂದು ಬೇಕೆಂದರೆ ಈಗ ಹೆಚ್ಚಿನವರು ಮೊದಲು ಹುಡುಕುವುದು ಇಂಟರ್ನೆಟ್ ಆರ್ಕೈವ್‌ನಲ್ಲಿ. ಹಳೆಯ ಕಾದಂಬರಿ, ವ್ಯಾಕರಣ, ಹಳಗನ್ನಡ ಕಾವ್ಯದ ಸಂಪಾದಿತ ಆವೃತ್ತಿ, ಹೀಗೆ ಏನೇನೋ ಅಲ್ಲಿ ಪಿಡಿಎಫ್ ಆಗಿ ಸಿಗುತ್ತವೆ. ಇಳಿಸಿಕೊಂಡು ಫೋನಿನಲ್ಲಿ ತೆರೆದರೆ ಮಾತ್ರ ನಿರಾಸೆ. ಪರದೆಯ ನಡುವೆ ಇರುವೆ ಸಾಲಿನಂಥ ಅಕ್ಷರಗಳು, ಸುತ್ತಲೂ ಖಾಲಿ ಕಾಗದ. ಎರಡು ಬೆರಳಿನಿಂದ ಹಿಗ್ಗಿಸಿದರೆ ಸಾಲಿನ ತುದಿ ಪರದೆಯಾಚೆ ಹೋಗುತ್ತದೆ. ಎಡಕ್ಕೆ ಬಲಕ್ಕೆ ಎಳೆದಾಡಿ ಒಂದು ಪುಟ ಮುಗಿಸುವಷ್ಟರಲ್ಲಿ ಸಾಕಾಗುತ್ತದೆ. ಮುಂದಿನ ಪುಟಕ್ಕೆ ಹೋದರೆ ಅನೇಕ ಆ್ಯಪ್‌ಗಳಲ್ಲಿ ಅದು ಮತ್ತೆ ಮೊದಲಿನಷ್ಟೇ ಚಿಕ್ಕದಾಗಿ ನಿಂತಿರುತ್ತದೆ.

ಓದುಗರು ಇದಕ್ಕೆ ಫೋನಿನ ಪರದೆಯನ್ನು ದೂರುತ್ತಾರೆ. ಪರದೆ ಚಿಕ್ಕದು ಎನ್ನುವುದು ನಿಜವೇ. ಆದರೆ ಆ ಚಿಕ್ಕ ಪರದೆಯಲ್ಲಿ ಅರ್ಧಕ್ಕಿಂತ ಹೆಚ್ಚು ಅಗಲವನ್ನು ಏನೂ ಅಚ್ಚಾಗದ ಅಂಚು ತಿನ್ನುತ್ತಿರುತ್ತದೆ. ಆ ಅಂಚನ್ನು ತೆಗೆದರೆ ಅದೇ ಫೋನು, ಅದೇ ಪುಸ್ತಕ, ಅಕ್ಷರ ಮಾತ್ರ ಸುಮಾರು ಎರಡು ಪಟ್ಟು ದೊಡ್ಡದು. ಎಲ್ಲಿ ಕತ್ತರಿಸಬೇಕು, ಎಲ್ಲಿ ಕತ್ತರಿಸಬಾರದು ಎಂಬ ಲೆಕ್ಕ ಗೊತ್ತಿದ್ದರೆ ಇದು ಕಷ್ಟದ ಕೆಲಸವೇನಲ್ಲ.

ಖಾಲಿ ಜಾಗ ಎಲ್ಲಿಂದ ಬಂತು

ಸ್ಕ್ಯಾನ್ ಮಾಡಿದ ಪುಟದಲ್ಲಿ ಸಾಮಾನ್ಯವಾಗಿ ಎರಡು ಸುತ್ತು ಅಂಚು ಇರುತ್ತದೆ.

ಒಳಸುತ್ತು ಪುಸ್ತಕದ್ದೇ. ಅಚ್ಚುಗಾರರು ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ. ಹಿಡಿದು ಓದುವಾಗ ಹೆಬ್ಬೆರಳು ಅಕ್ಷರದ ಮೇಲೆ ಕೂರಬಾರದು, ಹೊಲಿಗೆಯ ಕಡೆ ಅಕ್ಷರ ಒಳಗೆ ಸೇರಿಹೋಗಬಾರದು, ಗ್ರಂಥಾಲಯದವರು ಮರುಬೈಂಡ್ ಮಾಡಿಸಿ ಅಂಚನ್ನು ಮತ್ತೊಮ್ಮೆ ಸವರಿದರೂ ಸಾಲು ಕತ್ತರಿಸಬಾರದು. ಕೈಯಲ್ಲಿ ಹಿಡಿಯುವ ಪುಸ್ತಕಕ್ಕೆ ಇದೆಲ್ಲ ಬೇಕು. ಫೋನಿನಲ್ಲಿ ಹೆಬ್ಬೆರಳಿಗೆ ಜಾಗ ಫೋನಿನ ಚೌಕಟ್ಟಿನ ಮೇಲೇ ಇದೆ, ಹೊಲಿಗೆಯಂತೂ ಇಲ್ಲ.

ಹೊರಸುತ್ತು ಸ್ಕ್ಯಾನ್ ಮಾಡುವಾಗ ಸೇರಿಕೊಂಡದ್ದು. ಯಂತ್ರದ ಹಾಸು ಪುಸ್ತಕಕ್ಕಿಂತ ದೊಡ್ಡದು. ದಿನಕ್ಕೆ ಹತ್ತಾರು ಪುಸ್ತಕ ಮುಗಿಸಬೇಕಾದವರು ಪ್ರತಿ ಪುಟದ ಅಳತೆಗೂ ಚೌಕಟ್ಟು ಹೊಂದಿಸುತ್ತ ಕೂರುವುದಿಲ್ಲ. ದೊಡ್ಡದೊಂದು ಅಳತೆಯನ್ನು ಗೊತ್ತುಮಾಡಿ ಇಡೀ ಪುಸ್ತಕವನ್ನು ಅದರಲ್ಲೇ ತೆಗೆಯುತ್ತಾರೆ. ಕೆಲವೊಮ್ಮೆ ಚಿತ್ರಗಳನ್ನು ಪಿಡಿಎಫ್ ಮಾಡುವ ತಂತ್ರಾಂಶವೇ ಪ್ರತಿ ಪುಟವನ್ನೂ ಎ4 ಹಾಳೆಯ ನಡುವೆ ಇಟ್ಟುಬಿಡುತ್ತದೆ.

ಕನ್ನಡದ ಸ್ಕ್ಯಾನ್ ಪುಸ್ತಕಗಳಲ್ಲಿ ದೊಡ್ಡದೊಂದು ಪಾಲು ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ರಾಜ್ ರೆಡ್ಡಿ ಅವರ ಮುಂದಾಳತ್ವದಲ್ಲಿ ಹತ್ತು ಲಕ್ಷ ಪುಸ್ತಕಗಳನ್ನು ಸ್ಕ್ಯಾನ್ ಮಾಡುವ ಯೋಜನೆ ಹುಟ್ಟಿತು. 2000ರ ದಶಕದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಭಾರತದಲ್ಲಿ ಅದರ ಜೊತೆಗೂಡಿತು. ಆ ಯೋಜನೆಯ ಜಾಲತಾಣ ಈಗ ಇಲ್ಲ. ಅದರ ಪುಸ್ತಕಗಳ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದಿವೆ. ಯೋಜನೆಯ ಉದ್ದೇಶ ಪುಸ್ತಕ ಕಳೆದುಹೋಗದಂತೆ ಉಳಿಸುವುದು. ಅಂಗೈಯಷ್ಟಗಲದ ಪರದೆಯಲ್ಲಿ ಯಾರಾದರೂ ಇಡೀ ಕಾದಂಬರಿ ಓದಿಯಾರು ಎಂಬ ಯೋಚನೆ ಆಗ ಯಾರಿಗೂ ಬರುವಂತಿರಲಿಲ್ಲ. ಹಾಗಾಗಿ ಅದರ ಹಲವು ಪುಸ್ತಕಗಳಲ್ಲಿ ಪುಟದ ಸುತ್ತ ಧಾರಾಳ ಬಿಳಿ ಜಾಗವಿದೆ.

ಲೆಕ್ಕ ಹಾಕಿ ನೋಡೋಣ

ಉದಾಹರಣೆಗೆ ಡೆಮಿ 1/8 ಆಕಾರದ ಹಳೆಯ ಕಾದಂಬರಿಯೊಂದನ್ನು ತೆಗೆದುಕೊಳ್ಳೋಣ. ಕಾಗದದ ಅಗಲ 14 ಸೆಂಟಿಮೀಟರ್, ಎತ್ತರ 21.5. ಅಚ್ಚಾದ ಭಾಗದ ಅಗಲ 10, ಎತ್ತರ 17. ಅಕ್ಷರ 12 ಪಾಯಿಂಟ್. ಇದನ್ನು ಸ್ಕ್ಯಾನ್ ಮಾಡಿದವರು 21 ಸೆಂಟಿಮೀಟರ್ ಅಗಲದ ಎ4 ಹಾಳೆಯ ನಡುವೆ ಇಟ್ಟಿದ್ದಾರೆ.

ಈಗಿನ ಮಾಮೂಲಿ 6.5 ಇಂಚಿನ ಫೋನಿನ ಪರದೆ ಸುಮಾರು 6.8 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಎತ್ತರ ಇರುತ್ತದೆ. 6.5 ಇಂಚು ಎನ್ನುವುದು ಮೂಲೆಯಿಂದ ಮೂಲೆಗಿನ ಅಳತೆ. ಪುಟವನ್ನು ತೆರೆದಾಗ ಆ್ಯಪ್ ಅದರ ಇಡೀ ಅಗಲವನ್ನು ಪರದೆಯ ಅಗಲಕ್ಕೆ ಹೊಂದಿಸುತ್ತದೆ. 21 ಸೆಂಟಿಮೀಟರ್ ಹಾಳೆ 6.8ಕ್ಕೆ ಇಳಿದರೆ ಎಲ್ಲವೂ ಮೂರನೇ ಒಂದು ಭಾಗಕ್ಕೆ ಕುಗ್ಗಿತು. 12 ಪಾಯಿಂಟ್ ಅಕ್ಷರ 4 ಪಾಯಿಂಟ್‌ಗೂ ಕೊಂಚ ಕಡಿಮೆಯಾಯಿತು. ಔಷಧಿಯ ಪೊಟ್ಟಣದೊಳಗಿನ ಚೀಟಿಯನ್ನೂ ಇಷ್ಟು ಸಣ್ಣದಾಗಿ ಅಚ್ಚುಹಾಕುವುದಿಲ್ಲ.

ಕನ್ನಡಕ್ಕೆ ಇದರ ಪೆಟ್ಟು ಇನ್ನೂ ಜೋರು. ನಮ್ಮ ಒತ್ತಕ್ಷರ ಮುಖ್ಯ ಅಕ್ಷರಕ್ಕಿಂತ ಚಿಕ್ಕದು, ಸಾಲಿನ ಕೆಳಗೆ ತೂಗುವಂಥದ್ದು. ‘ಯುದ್ಧ’ದಲ್ಲಿರುವುದು ಧ ಒತ್ತೋ ದ ಒತ್ತೋ, ‘ಕಾಷ್ಠ’ದಲ್ಲಿರುವುದು ಠ ಒತ್ತೋ ಟ ಒತ್ತೋ ಎಂಬುದನ್ನು ಹೇಳುವುದು ಒಂದು ಸಣ್ಣ ಸೀಳು, ಒಂದು ಚುಕ್ಕೆ. ಇಡೀ ಅಕ್ಷರವೇ ಮೂರನೇ ಒಂದು ಭಾಗಕ್ಕೆ ಕುಗ್ಗಿದಾಗ ಆ ಗುರುತು ಮಾಯವಾಗಿ ಒತ್ತು ಬರೀ ಕಪ್ಪು ಮಚ್ಚೆಯಾಗಿ ಉಳಿಯುತ್ತದೆ. ಓದುಗ ಪದವನ್ನು ಊಹಿಸಿಕೊಂಡು ಮುಂದೆ ಹೋಗುತ್ತಾನೆ.

ಈಗ ಅಂಚು ಕತ್ತರಿಸುತ್ತ ಬರೋಣ. ಹೊರಸುತ್ತನ್ನು ಮಾತ್ರ ತೆಗೆದು ಕಾಗದದ ಅಂಚಿನವರೆಗೆ ಬಂದರೆ ಅಗಲ 14 ಸೆಂಟಿಮೀಟರ್. ಅಕ್ಷರ 5.8 ಪಾಯಿಂಟ್ ಆಗುತ್ತದೆ. ಒಳಸುತ್ತನ್ನೂ ತೆಗೆದು, ಅಚ್ಚಿನ ಎರಡೂ ಬದಿಗೆ ಉಸಿರಾಡಲು 3 ಮಿಲಿಮೀಟರ್ ಬಿಟ್ಟರೆ ಅಗಲ 10.6 ಸೆಂಟಿಮೀಟರ್. ಅಕ್ಷರ 7.7 ಪಾಯಿಂಟ್. ಮೊದಲಿನದರ ಸುಮಾರು ಎರಡು ಪಟ್ಟು. ಆ 3 ಮಿಲಿಮೀಟರನ್ನೂ ಬಿಡದೆ ಅಚ್ಚಿಗೆ ಅಂಟಿಸಿ ಕತ್ತರಿಸಿದ್ದರೆ 8.2 ಆಗುತ್ತಿತ್ತು. ಆ ಅರ್ಧ ಪಾಯಿಂಟಿನ ಲಾಭಕ್ಕೆ ಸಾಲಿನ ಕೊನೆಯ ಅಕ್ಷರಗಳನ್ನು ಅಪಾಯಕ್ಕೆ ಒಡ್ಡುವುದು ಬುದ್ಧಿವಂತಿಕೆಯಲ್ಲ.

ಸ್ಪಷ್ಟತೆಯೂ ಇದರ ಜೊತೆಗೇ ಹೆಚ್ಚುತ್ತದೆ. ಇಂಚಿಗೆ 300 ಚುಕ್ಕೆಗಳಂತೆ ಸ್ಕ್ಯಾನ್ ಆದ ಎ4 ಹಾಳೆಯ ಅಗಲದಲ್ಲಿ 2480 ಚುಕ್ಕೆಗಳಿರುತ್ತವೆ. ಸಾಮಾನ್ಯ ಫೋನಿನ ಪರದೆಯ ಅಗಲ 1080 ಚುಕ್ಕೆ. ಅಂದರೆ ಅಡ್ಡಸಾಲಿನ ಹತ್ತು ಚುಕ್ಕೆಗಳ ವಿವರವನ್ನು ಫೋನು ನಾಲ್ಕು ಚಿಲ್ಲರೆ ಚುಕ್ಕೆಗಳಲ್ಲಿ ತುಂಬಿಸಬೇಕು. ಕತ್ತರಿಸಿದ ಪುಟದ ಅಗಲದಲ್ಲಿ ಸುಮಾರು 1250 ಚುಕ್ಕೆಗಳಿರುವುದರಿಂದ ಹತ್ತರಲ್ಲಿ ಎಂಟೂವರೆ ಉಳಿಯುತ್ತವೆ. ಒತ್ತಕ್ಷರದ ಸೀಳು ಮರಳಿ ಕಾಣುವುದು ಇದರಿಂದಲೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಬೇಕು. ಕೆಲವರು ಪುಟದ ಅಳತೆಯನ್ನು ಎ4ನಿಂದ ಎ5ಕ್ಕೆ ಇಳಿಸಿ ನೋಡುತ್ತಾರೆ, ಫೈಲನ್ನು ‘ಕಂಪ್ರೆಸ್’ ಮಾಡಿ ನೋಡುತ್ತಾರೆ. ಎರಡರಿಂದಲೂ ಅಕ್ಷರ ಕೂದಲೆಳೆಯಷ್ಟೂ ದೊಡ್ಡದಾಗುವುದಿಲ್ಲ. ಪುಟದ ಅಳತೆ ಇಳಿಸಿದಾಗ ಅಂಚು, ಅಕ್ಷರ ಎರಡೂ ಒಟ್ಟಿಗೆ ಇಳಿಯುತ್ತವೆ. ಫೋನು ಅದನ್ನು ಮತ್ತೆ ಪರದೆಯಗಲಕ್ಕೆ ಹಿಗ್ಗಿಸುತ್ತದೆ. ಪುಟದ ಅಗಲದಲ್ಲಿ ಅಚ್ಚಿನ ಪಾಲು ಎಷ್ಟು ಎಂಬುದೊಂದೇ ಇಲ್ಲಿ ಲೆಕ್ಕಕ್ಕೆ ಬರುವುದು.

ಮೇಲೆ ಕೆಳಗೆ ಕತ್ತರಿ ಬೇಡ

ಅಂಚು ತೆಗೆಯಲು ಕುಳಿತವರು ಸಾಮಾನ್ಯವಾಗಿ ನಾಲ್ಕೂ ಕಡೆ ಒಂದೇ ಹುರುಪಿನಿಂದ ಕತ್ತರಿಸುತ್ತಾರೆ. ಫೋನಿನಲ್ಲಿ ಓದುವುದಕ್ಕೆ ಅದು ಬೇಕಿಲ್ಲ. ಏಕೆ ಎಂದು ಮೇಲಿನ ಅಂಕಿಗಳೇ ಹೇಳುತ್ತವೆ.

10.6 ಸೆಂಟಿಮೀಟರ್ ಅಗಲ 6.8ಕ್ಕೆ ಇಳಿದಾಗ ಎತ್ತರವೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ. 17 ಸೆಂಟಿಮೀಟರ್ ಎತ್ತರದ ಅಚ್ಚು ಪರದೆಯ ಮೇಲೆ 11 ಸೆಂಟಿಮೀಟರಿನಷ್ಟು ಜಾಗ ಹಿಡಿಯುತ್ತದೆ. ಪರದೆಯ ಎತ್ತರ 15. ಅಷ್ಟೇ ಅಲ್ಲ, ಮೇಲೆ ಕೆಳಗೆ ಏನನ್ನೂ ಕತ್ತರಿಸದೆ ಕಾಗದದ ಇಡೀ 21.5 ಸೆಂಟಿಮೀಟರ್ ಎತ್ತರವನ್ನು ಉಳಿಸಿಕೊಂಡರೂ ಅದು 13.8 ಸೆಂಟಿಮೀಟರಿಗೆ ಇಳಿದು ಪರದೆಯೊಳಗೇ ನಿಲ್ಲುತ್ತದೆ. ಈಗಿನ ಫೋನುಗಳು ಪುಸ್ತಕಕ್ಕಿಂತ ನೀಳ. ಅವುಗಳಲ್ಲಿ ಅಗಲಕ್ಕೆ ಬರ, ಎತ್ತರಕ್ಕಲ್ಲ. ಎಡಬಲದ ಒಂದೊಂದು ಮಿಲಿಮೀಟರೂ ಅಕ್ಷರದ ಗಾತ್ರಕ್ಕೆ ಜಮೆಯಾಗುತ್ತದೆ. ಮೇಲೆ ಕೆಳಗೆ ಕತ್ತರಿಸಿದ್ದು ಯಾವ ಖಾತೆಗೂ ಜಮೆಯಾಗುವುದಿಲ್ಲ.

ಹಾಗಾಗಿ ಹೊರಸುತ್ತಿನ ಖಾಲಿ ಜಾಗವನ್ನಷ್ಟೇ ಮೇಲೆ ಕೆಳಗೆ ತೆಗೆದು, ಉಳಿದದ್ದನ್ನು ಬಿಟ್ಟುಬಿಡಿ. ಇದರಿಂದ ಉಳಿಯುವ ಸಾಮಗ್ರಿ ದೊಡ್ಡದು. ಪುಟಸಂಖ್ಯೆ ಉಳಿಯುತ್ತದೆ, ಅದು ಮೇಲಿದ್ದರೂ ಕೆಳಗಿದ್ದರೂ. ಅಡಿಟಿಪ್ಪಣಿ ಉಳಿಯುತ್ತದೆ. ಕಾವ್ಯದ ಸಂಪಾದಿತ ಆವೃತ್ತಿಗಳಲ್ಲಿ ಪಾಠಾಂತರಗಳು ಪುಟದ ಅಡಿಯಲ್ಲೇ ಇರುತ್ತವೆ, ಕೆಲವು ಪುಟಗಳಲ್ಲಿ ಎರಡು ಸಾಲು, ಕೆಲವು ಪುಟಗಳಲ್ಲಿ ಹನ್ನೆರಡು ಸಾಲು. ಎರಡು ಸಾಲಿನ ಪುಟ ನೋಡಿಕೊಂಡು ಕತ್ತರಿ ಹಾಕಿದವರು ಉಳಿದೆಡೆ ಪಾಠಾಂತರ ಕಳೆದುಕೊಳ್ಳುತ್ತಾರೆ. ಕನ್ನಡದಲ್ಲಿ ಇನ್ನೊಂದು ಅಪಾಯವೂ ಇದೆ. ಕೊನೆಯ ಸಾಲಿಗೆ ಅಂಟಿಸಿ ಕತ್ತರಿಸಿದರೆ ಆ ಸಾಲಿನ ಒತ್ತಕ್ಷರಗಳು ಹೋಗುತ್ತವೆ. ಸಾಲು ಮಾತ್ರ ಪೂರ್ತಿ ಇದ್ದಂತೆಯೇ ಕಾಣುತ್ತದೆ. ‘ಕತ್ತೆ’ ‘ಕತೆ’ಯಾಗುತ್ತದೆ, ಓದುಗನಿಗೆ ಏನೋ ಬಿಟ್ಟುಹೋಗಿದೆ ಎಂದು ತಿಳಿಯುವುದೂ ಇಲ್ಲ.

ಈ ನಿಯಮ ನೀಳ ಫೋನುಗಳಿಗೆ ಮಾತ್ರ. 6 ಇಂಚಿನ ಇ-ಪುಸ್ತಕ ಯಂತ್ರದ ಪರದೆ ಸುಮಾರು 9 ಸೆಂಟಿಮೀಟರ್ ಅಗಲ, 12 ಸೆಂಟಿಮೀಟರ್ ಎತ್ತರ. ಅದು ಪುಸ್ತಕಕ್ಕಿಂತ ಗಿಡ್ಡ. ಇಡೀ ಪುಟವನ್ನು ಒಂದೇ ನೋಟಕ್ಕೆ ತೋರಿಸಬೇಕೆಂದರೆ ಅದಕ್ಕೆ ಎತ್ತರವೇ ಅಡ್ಡಿ. ಅಲ್ಲಿ ಮೇಲೆ ಕೆಳಗಿನ ಅಂಚನ್ನು ಜಾಗ್ರತೆಯಿಂದ ತೆಗೆಯಬೇಕಾಗುತ್ತದೆ, ಎಡಬಲ ಸ್ವಲ್ಪ ಉಳಿದರೂ ನಡೆಯುತ್ತದೆ. ಕತ್ತರಿಸುವ ಮೊದಲು ಯಾವ ಪರದೆಗೆ ಎಂದು ನಿರ್ಧರಿಸಿಕೊಳ್ಳಬೇಕು ಎನ್ನುವುದು ಇದಕ್ಕೇ.

ಆ್ಯಪ್‌ನಲ್ಲೋ ಫೈಲಿನಲ್ಲೋ

ಅಂಚು ತೆಗೆಯುವುದಕ್ಕೆ ಎರಡು ದಾರಿಗಳಿವೆ.

ಮೊದಲನೆಯದು ಓದುವ ಆ್ಯಪ್‌ನಲ್ಲೇ ಮರೆಮಾಡುವುದು. ಲಿಬ್ರೆರಾ, ಕೆಒರೀಡರ್ ಮೊದಲಾದ ಆ್ಯಪ್‌ಗಳಲ್ಲಿ ಪುಟದ ಬಿಳಿ ಅಂಚನ್ನು ತೆಗೆದು ತೋರಿಸುವ ಸೌಲಭ್ಯವಿದೆ. ಅದನ್ನು ಒತ್ತಿದಾಗ ಆ್ಯಪ್ ಪುಟವನ್ನು ಪರೀಕ್ಷಿಸಿ, ಎಲ್ಲಿಂದ ಎಲ್ಲಿಯವರೆಗೆ ಕಪ್ಪು ಇದೆ ಎಂದು ಕಂಡುಕೊಂಡು, ಅಷ್ಟನ್ನು ಮಾತ್ರ ಪರದೆಗೆ ಹೊಂದಿಸುತ್ತದೆ. ಫೈಲ್ ಇದ್ದ ಹಾಗೇ ಇರುತ್ತದೆ. ಸ್ಕ್ಯಾನ್ ಚೊಕ್ಕಟವಾಗಿದ್ದರೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಮೊದಲು ಇದನ್ನೇ ಮಾಡಿ ನೋಡಬೇಕು.

ಹಳೆಯ ಪುಸ್ತಕಗಳಲ್ಲಿ ಇದು ಎಡವುವುದು ಮೂರು ಕಡೆ. ಯಂತ್ರಕ್ಕೆ ಅಕ್ಷರ ಯಾವುದು, ಕಲೆ ಯಾವುದು ಎಂದು ಗೊತ್ತಾಗುವುದಿಲ್ಲ. ಅಂಚಿನಲ್ಲಿ ಒಂದು ಹುಳುತೂತು, ಗ್ರಂಥಾಲಯದ ಮೊಹರು, ಬೈಂಡಿಂಗ್ ಕಡೆಯ ಕಪ್ಪು ನೆರಳು ಇದ್ದರೆ ಅದೂ ಅಚ್ಚೇ ಎಂದುಕೊಂಡು ಅಲ್ಲಿಯವರೆಗಿನ ಜಾಗವನ್ನೆಲ್ಲ ಉಳಿಸಿಕೊಳ್ಳುತ್ತದೆ. ಕೆಲವು ಪುಟಗಳಲ್ಲಿ ಅಂಚು ಹೋಗಿ ಕೆಲವು ಪುಟಗಳಲ್ಲಿ ಹೋಗದಿದ್ದರೆ ಕಾರಣ ಇದು. ಎರಡನೆಯದು ಬಣ್ಣದಲ್ಲಿ ಸ್ಕ್ಯಾನ್ ಆದ ಪುಸ್ತಕ. ಅದರ ಕಾಗದ ಬಿಳಿಯಲ್ಲ, ಹಳದಿ. ಬಿಳಿಯನ್ನು ಹುಡುಕುವ ಆ್ಯಪ್‌ಗೆ ತೆಗೆಯಲು ಏನೂ ಸಿಗುವುದಿಲ್ಲ. ಮೂರನೆಯದು ಓದುವಾಗ ಹೆಚ್ಚು ಕಾಡುವಂಥದ್ದು. ಪ್ರತಿ ಪುಟವನ್ನೂ ಬೇರೆಬೇರೆಯಾಗಿ ಅಳೆಯುವುದರಿಂದ ಪುಟಪುಟಕ್ಕೂ ಅಕ್ಷರದ ಗಾತ್ರ ಬದಲಾಗುತ್ತದೆ. ಚಿಕ್ಕ ಸಾಲುಗಳ ಪದ್ಯ ಬಂದರೆ ಅಕ್ಷರ ಒಮ್ಮೆಗೇ ಹಿಗ್ಗುತ್ತದೆ, ಮರುಪುಟದಲ್ಲಿ ಗದ್ಯ ಬಂದೊಡನೆ ಕುಗ್ಗುತ್ತದೆ.

ಇಂಥ ಕಡೆ ಎರಡನೆಯ ದಾರಿ ಹಿಡಿಯಬೇಕು. ಇಡೀ ಪುಸ್ತಕಕ್ಕೆ ಒಂದೇ ಅಳತೆಯ ಚೌಕವನ್ನು ನಾವೇ ಎಳೆದು, ಕತ್ತರಿಸಿದ ಹೊಸ ಫೈಲ್ ಮಾಡಿಕೊಳ್ಳುವುದು. ಕಂಪ್ಯೂಟರಿನಲ್ಲಿ ಇದಕ್ಕೆಂದೇ ಇರುವ ಉಚಿತ ತಂತ್ರಾಂಶಗಳಲ್ಲಿ ಬ್ರಿಸ್ ಹೆಸರಾದದ್ದು. ಅದು ಓಡಲು ಕಂಪ್ಯೂಟರಿನಲ್ಲಿ ಜಾವಾ ಇರಬೇಕು.

ಬ್ರಿಸ್‌ನಲ್ಲಿ ಒಂದು ಪುಸ್ತಕ

ಪಿಡಿಎಫನ್ನು ತೆರೆದೊಡನೆ ಬ್ರಿಸ್ ಒಂದು ಪ್ರಶ್ನೆ ಕೇಳುತ್ತದೆ: ಯಾವ ಪುಟಗಳನ್ನು ಹೊರಗಿಡಬೇಕು? ಮುಖಪುಟ, ಒಳರಕ್ಷಾಪುಟ, ಅಡ್ಡಲಾಗಿ ಹಾಕಿದ ಚಿತ್ರ ಅಥವಾ ನಕ್ಷೆಯ ಪುಟಗಳ ಸಂಖ್ಯೆಯನ್ನು ಇಲ್ಲಿ ಕೊಡಬೇಕು. ಕೊಡಬೇಕಾದದ್ದು ಪಿಡಿಎಫ್‌ನ ಪುಟಸಂಖ್ಯೆ, ಪುಸ್ತಕದಲ್ಲಿ ಅಚ್ಚಾದದ್ದಲ್ಲ. ನಮ್ಮ ಉದಾಹರಣೆಯ ಪುಸ್ತಕದಲ್ಲಿ ಮೊದಲ ನಾಲ್ಕು ಪುಟ ಮತ್ತು ಹನ್ನೆರಡನೆಯ ಪುಟದಲ್ಲಿ ಚಿತ್ರವಿದ್ದರೆ ಹೀಗೆ ಬರೆಯುತ್ತೇವೆ:

```
1-4;12
```

ಆಮೇಲೆ ಅದು ಮಾಡುವುದು ಜಾಣತನದ ಕೆಲಸ. ಉಳಿದ ಪುಟಗಳನ್ನು ಸಮಸಂಖ್ಯೆಯವು, ಬೆಸಸಂಖ್ಯೆಯವು ಎಂದು ಎರಡು ಗುಂಪು ಮಾಡಿ, ಒಂದೊಂದು ಗುಂಪಿನ ಪುಟಗಳನ್ನೂ ಒಂದರ ಮೇಲೊಂದು ಹೇರಿ ತೋರಿಸುತ್ತದೆ. ಬಿಡಿ ಅಕ್ಷರಗಳು ಕಾಣುವುದಿಲ್ಲ. ಎಲ್ಲ ಪುಟಗಳ ಅಚ್ಚು ಸೇರಿ ಒಂದು ಬೂದು ಚೌಕವಾಗಿ ಕಾಣುತ್ತದೆ. ಗಾಢವಾದ ಭಾಗ ಎಲ್ಲ ಪುಟಗಳಲ್ಲೂ ಅಚ್ಚಿರುವ ಜಾಗ. ಅಂಚಿನ ತೆಳು ಬೂದು ಕೆಲವೇ ಪುಟಗಳು ಆಚೆ ಸರಿದಿರುವ ಜಾಗ. ಒಂಟಿ ಕಲೆಗಳು ಇಲ್ಲಿ ಮಸುಕಾಗಿ ಹಿನ್ನೆಲೆಗೆ ಸರಿಯುತ್ತವೆ. ನೂರಾರು ಪುಟ ತಿರುವಿ ಅಳೆಯಬೇಕಾದದ್ದು ಎರಡೇ ಚಿತ್ರಗಳಲ್ಲಿ ಕಣ್ಣಮುಂದೆ ಬರುತ್ತದೆ.

ಸಮ, ಬೆಸ ಎಂದು ಬೇರ್ಪಡಿಸುವುದು ಏಕೆ? ತೆರೆದಿಟ್ಟ ಪುಸ್ತಕದಲ್ಲಿ ಬಲಪುಟದ ಹೊಲಿಗೆ ಎಡಕ್ಕಿರುತ್ತದೆ, ಎಡಪುಟದ್ದು ಬಲಕ್ಕೆ. ಹೊಲಿಗೆಯ ಕಡೆಯ ಅಂಚಿಗೂ ಹೊರಗಡೆಯ ಅಂಚಿಗೂ ಅಳತೆ ಒಂದೇ ಇರುವುದಿಲ್ಲ. ನಮ್ಮ ಉದಾಹರಣೆಯಲ್ಲಿ ಹೊಲಿಗೆಯ ಕಡೆ 1.6, ಹೊರಗಡೆ 2.4 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಬೆಸಪುಟದಲ್ಲಿ ಅಚ್ಚು ಎಡಗಡೆಯಿಂದ 1.6ಕ್ಕೆ ಶುರುವಾದರೆ ಸಮಪುಟದಲ್ಲಿ 2.4ಕ್ಕೆ ಶುರುವಾಗುತ್ತದೆ. ಬೆಸಪುಟವನ್ನು ನೋಡಿ ಎಳೆದ ಬಿಗಿ ಚೌಕವನ್ನು ಸಮಪುಟದ ಮೇಲಿಟ್ಟರೆ ಪ್ರತಿ ಸಾಲಿನ ಕೊನೆಯಲ್ಲೂ 8 ಮಿಲಿಮೀಟರ್ ಹೋಗುತ್ತದೆ. ಅಂದರೆ ಸಾಲಿಗೆ ಎರಡು ಅಕ್ಷರ.

ಬ್ರಿಸ್‌ನಲ್ಲಿ ಎರಡು ಬೂದು ಚಿತ್ರಗಳ ಮೇಲೂ ಒಂದೊಂದು ಚೌಕ ಎಳೆಯಿರಿ. ಎಡಬಲದಲ್ಲಿ ತೆಳು ಬೂದಿನ ಅಂಚಿನವರೆಗೆ, ಮೇಲೆ ಕೆಳಗೆ ಕಾಗದದ ಅಂಚಿನ ಸಮೀಪದವರೆಗೆ. ಎರಡೂ ಚೌಕಗಳ ಅಗಲ ಎತ್ತರ ಒಂದೇ ಇರಲಿ, ಅವು ಕೂತಿರುವ ಜಾಗ ಮಾತ್ರ ಬೇರೆ. ಅಳತೆ ಹೆಚ್ಚುಕಡಿಮೆಯಾದರೆ ಒಂದು ಪುಟ ಬಿಟ್ಟು ಒಂದು ಪುಟ ಅಕ್ಷರದ ಗಾತ್ರ ಕುಣಿಯುತ್ತದೆ. ಮೊದಲು `Preview` ಒತ್ತಿ ನೋಡಿ, ಸರಿಯೆನಿಸಿದರೆ `Crop PDF` ಒತ್ತಬೇಕು. ಹೆಸರಿನ ಕೊನೆಗೆ `_cropped` ಸೇರಿದ ಹೊಸ ಫೈಲ್ ಸಿದ್ಧವಾಗುತ್ತದೆ. ಅದನ್ನು ಫೋನಿಗೆ ಕಳಿಸಿಕೊಂಡರೆ ಆಯಿತು. ಅಂಚು ಫೈಲಿನಲ್ಲೇ ಹೋಗಿರುವುದರಿಂದ ಯಾವ ಆ್ಯಪ್‌ನಲ್ಲಿ ತೆರೆದರೂ ಅಕ್ಷರ ದೊಡ್ಡದಾಗಿಯೇ ಬರುತ್ತದೆ.

ಕೆಲವು ಪುಸ್ತಕಗಳಲ್ಲಿ ತೆರೆದಿಟ್ಟ ಎರಡು ಪುಟಗಳನ್ನು ಒಂದೇ ಚಿತ್ರವಾಗಿ ಸ್ಕ್ಯಾನ್ ಮಾಡಿರುತ್ತಾರೆ. ಅದಕ್ಕೂ ಇಲ್ಲಿ ದಾರಿಯಿದೆ. ಒಂದೇ ಚಿತ್ರದ ಮೇಲೆ ಎರಡು ಚೌಕ ಎಳೆದರೆ ಬ್ರಿಸ್ ಅದನ್ನು ಎರಡು ಪುಟಗಳಾಗಿ ಬೇರ್ಪಡಿಸಿ ಕೊಡುತ್ತದೆ.

ಕೆಟ್ಟಿದ್ದು ಗೊತ್ತಾಗುವುದು ಹೇಗೆ

ಬೂದು ಚಿತ್ರವನ್ನು ಓದಲು ಬಂದರೆ ಅರ್ಧ ತೊಂದರೆ ಕತ್ತರಿಸುವ ಮೊದಲೇ ಕಾಣುತ್ತದೆ. ಅಚ್ಚಿನ ಚೌಕದ ಅಂಚು ಒಂದೇ ಗೆರೆಯಾಗಿರದೆ, ಪಕ್ಕಪಕ್ಕದಲ್ಲಿ ಎರಡು ಗೆರೆಗಳಾಗಿ, ಎರಡು ಚೌಕಗಳು ಕೊಂಚ ಸರಿದು ಕೂತಂತೆ ಕಂಡರೆ ಸಮ, ಬೆಸ ಪುಟಗಳು ಬೆರೆತುಹೋಗಿವೆ ಎಂದರ್ಥ. ಸ್ಕ್ಯಾನ್ ಮಾಡುವಾಗ ಎಲ್ಲೋ ಒಂದು ಪುಟ ತಪ್ಪಿಹೋಗಿದೆ ಅಥವಾ ಒಂದೇ ಪುಟ ಎರಡು ಸಲ ಸೇರಿಕೊಂಡಿದೆ. ಅಲ್ಲಿಂದ ಮುಂದೆ ಬಲಪುಟಗಳೆಲ್ಲ ಎಡಪುಟಗಳ ಗುಂಪಿಗೆ ಬಂದುಬಿಟ್ಟಿವೆ. ಕತ್ತರಿಸಿದ ಮೇಲೆ ಪುಸ್ತಕದ ಮೊದಲರ್ಧ ಸರಿಯಾಗಿದ್ದು, ಯಾವುದೋ ಒಂದು ಪುಟದಿಂದಾಚೆಗೆ ಸಾಲುಗಳ ತುದಿ ಕಡಿದುಹೋಗಿದ್ದರೆ ಅದಕ್ಕೂ ಇದೇ ಕಾರಣ.

ಇದಕ್ಕೆ ಸುಲಭದ ಪರಿಹಾರ ಚೌಕವನ್ನು ಅಗಲಿಸುವುದು. ಎರಡೂ ಬಗೆಯ ಪುಟಗಳ ಅಚ್ಚು ಒಳಗೆ ಬರುವಂತೆ ಆ 8 ಮಿಲಿಮೀಟರನ್ನು ಸೇರಿಸಿಕೊಂಡು 11.4 ಸೆಂಟಿಮೀಟರ್ ಅಗಲದ ಚೌಕವನ್ನೇ ಎಲ್ಲ ಪುಟಗಳಿಗೂ ಹಾಕಿ. ಅಕ್ಷರ 7.7ರ ಬದಲು 7.2 ಪಾಯಿಂಟ್ ಆಗುತ್ತದೆ. ಅರ್ಧ ಪಾಯಿಂಟ್ ಬಿಟ್ಟುಕೊಟ್ಟು ಒಂದು ಅಕ್ಷರವನ್ನೂ ಕಳೆದುಕೊಳ್ಳದೆ ಪಾರಾದಂತೆ. ಸಮ, ಬೆಸ ಎಂದು ಬೇರ್ಪಡಿಸುವ ಸೌಲಭ್ಯವೇ ಇಲ್ಲದ ಆ್ಯಪ್‌ಗಳಲ್ಲೂ ಇದೇ ಉಪಾಯ ಸಾಕು.

ಹೊಸ ಫೈಲನ್ನು ಓದಲು ಕೂರುವ ಮೊದಲು ಮೂರು ಕಡೆ ತೆರೆದು ನೋಡಬೇಕು: ಆರಂಭದಲ್ಲಿ, ನಡುವೆ, ಕೊನೆಯಲ್ಲಿ. ಪ್ರತಿ ಕಡೆಯೂ ಅಕ್ಕಪಕ್ಕದ ಎರಡು ಪುಟ. ಸಾಲಿನ ಮೊದಲ ಅಕ್ಷರ, ಕೊನೆಯ ಅಕ್ಷರ, ಕೊನೆಯ ಸಾಲಿನ ಒತ್ತು, ಪುಟಸಂಖ್ಯೆ ಇಷ್ಟನ್ನು ನೋಡಿದರೆ ಸಾಕು. ಸಾಲಿನ ಕೊನೆಯಲ್ಲಿ ಪದ ಒಡೆದಾಗ ಬರುವ ಅಡ್ಡಗೆರೆ ಕಾಣುತ್ತಿದೆಯೇ ಎಂಬುದು ಒಳ್ಳೆಯ ಪರೀಕ್ಷೆ. ಬಲಗಡೆ ಬಿಗಿಯಾದಾಗ ಮೊದಲು ಮಾಯವಾಗುವುದು ಅದೇ. ಹಳೆಯ ಕಾವ್ಯದ ಪುಸ್ತಕವಾದರೆ ಪದ್ಯದ ಸಂಖ್ಯೆಯನ್ನೂ ನೋಡಿಕೊಳ್ಳಬೇಕು. ಅದು ಕೆಲವೊಮ್ಮೆ ಅಚ್ಚಿನ ಸಾಲಿನಿಂದ ಆಚೆ ಅಂಚಿನಲ್ಲಿ ಕೂತಿರುತ್ತದೆ.

ಕತ್ತರಿಸಿದ ಫೈಲಿನ ತೂಕ ಮೊದಲಿನಷ್ಟೇ ಇದ್ದರೆ ಕೆಲಸ ಆಗಿಲ್ಲ ಎಂದುಕೊಳ್ಳಬೇಡಿ. ಪಿಡಿಎಫ್‌ನಲ್ಲಿ ಪುಟದ ಯಾವ ಭಾಗವನ್ನು ತೋರಿಸಬೇಕು ಎನ್ನುವುದನ್ನು ನಾಲ್ಕು ಅಂಕಿಗಳಲ್ಲಿ ಬರೆದಿಟ್ಟಿರುತ್ತಾರೆ. ಇಂಥ ತಂತ್ರಾಂಶಗಳು ಆ ಅಂಕಿಗಳನ್ನಷ್ಟೇ ಬದಲಾಯಿಸುತ್ತವೆ. ಸ್ಕ್ಯಾನ್ ಆದ ಪೂರ್ತಿ ಚಿತ್ರ ಒಳಗೇ ಇರುತ್ತದೆ, ಅಂಚು ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಇದರಿಂದ ಚಿತ್ರದ ಗುಣ ಕೆಡುವುದಿಲ್ಲ ಎಂಬುದು ಲಾಭ. ಜೊತೆಗೆ ಒಂದು ಎಚ್ಚರಿಕೆಯೂ ಇದೆ. ಅಂಚಿನಲ್ಲಿ ಯಾರದೋ ಹೆಸರು, ಫೋನ್ ನಂಬರು ಬರೆದಿದ್ದರೆ ಕತ್ತರಿಸಿದ ಮಾತ್ರಕ್ಕೆ ಅದು ಅಳಿಸಿಹೋಗುವುದಿಲ್ಲ. ತಿಳಿದವರು ಅದನ್ನು ಮರಳಿ ಕಾಣಬಲ್ಲರು.

ಕತ್ತರಿಯ ಮಿತಿ

7.7 ಪಾಯಿಂಟ್ ಎಲ್ಲರ ಕಣ್ಣಿಗೂ ಸಾಕಾಗುವುದಿಲ್ಲ. ಚಾಳೀಸು ಬಂದವರಿಗೆ ಅದೂ ಚಿಕ್ಕದೇ. ಮೂಲದಲ್ಲಿ 10 ಪಾಯಿಂಟ್ ಅಕ್ಷರವಿದ್ದ ಪುಸ್ತಕವಾದರೆ ಇನ್ನೂ ಚಿಕ್ಕದು. ಅಂಥವರು ಕತ್ತರಿಸಿದ ಫೈಲನ್ನೇ ಫೋನನ್ನು ಅಡ್ಡ ಹಿಡಿದು ಓದಬಹುದು. ಆಗ ಪರದೆಯ ಅಗಲ 15 ಸೆಂಟಿಮೀಟರ್, ನಮ್ಮ ಪುಸ್ತಕದ ಅಕ್ಷರ 17 ಪಾಯಿಂಟ್. ಮೂಲ ಪುಸ್ತಕಕ್ಕಿಂತಲೂ ದೊಡ್ಡದು. ಒಂದು ಪುಟ ಮುಗಿಸಲು ನಾಲ್ಕೈದು ಸಲ ಮೇಲಕ್ಕೆ ಸರಿಸಬೇಕು, ಆದರೆ ಎಡಬಲ ಎಳೆದಾಡುವ ಕಾಟವಿಲ್ಲ. ಹೀಗೆ ಓದುವವರು ಮೇಲೆ ಕೆಳಗಿನ ಅಂಚನ್ನೂ ಸ್ವಲ್ಪ ಕತ್ತರಿಸಿಕೊಂಡರೆ ಸರಿಸುವ ಶ್ರಮ ತಗ್ಗುತ್ತದೆ. ಇಷ್ಟು ಹಿಗ್ಗಿದಾಗ ಸ್ಕ್ಯಾನಿನ ಚುಕ್ಕೆಗಳು ಸಾಲದೆ ಅಕ್ಷರದ ಅಂಚು ಕೊಂಚ ಮೆತ್ತಗಾಗುತ್ತದೆ. ಓದಲು ತೊಡಕಾಗುವಷ್ಟಲ್ಲ.

ಸ್ಕ್ಯಾನ್ ಪುಟದ ಪದಗಳನ್ನು ತುಂಡು ತುಂಡಾಗಿ ತೆಗೆದು ಪರದೆಯ ಅಗಲಕ್ಕೆ ಮರುಜೋಡಿಸುವ ಸೌಲಭ್ಯವೂ ಕೆಒರೀಡರ್‌ನಂಥ ಆ್ಯಪ್‌ಗಳಲ್ಲಿದೆ. ಅದು ಸಾಲುಗಳ ನಡುವಿನ ಬಿಳಿ ಗೆರೆಯನ್ನು ನಂಬಿ ನಡೆಯುವಂಥದ್ದು. ಕನ್ನಡದಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗೆ ಇಳಿದಿರುತ್ತದೆ, ಕೆಳಗಿನ ಸಾಲಿನ ಗುಡಿಸು ಮೇಲೆ ಎದ್ದಿರುತ್ತದೆ. ಬಿಗಿಯಾಗಿ ಜೋಡಿಸಿದ ಹಳೆಯ ಪುಟದಲ್ಲಿ ಆ ಬಿಳಿ ಗೆರೆಯೇ ಇಲ್ಲವಾಗಬಹುದು. ಆಗ ಒತ್ತು ತನ್ನ ಅಕ್ಷರದಿಂದ ಕಳಚಿ ಮುಂದಿನ ಸಾಲಿಗೆ ಬೀಳುವ ಸಾಧ್ಯತೆ ಇದೆ. ಇಡೀ ಪುಸ್ತಕವನ್ನು ಅದಕ್ಕೆ ಒಪ್ಪಿಸುವ ಮೊದಲು ಒತ್ತಕ್ಷರ ಹೆಚ್ಚಿರುವ ನಾಲ್ಕು ಪುಟಗಳಲ್ಲಿ ಪರೀಕ್ಷಿಸಿ ನೋಡಬೇಕು.

ಇಳಿಸಿಕೊಂಡ ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಹಿಂದಿನ ಓದುಗರು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದ ಅರ್ಥ, ತಿದ್ದುಪಡಿ, ಪ್ರತಿಯ ಇತಿಹಾಸ ಹೇಳುವ ಮೊಹರು ಇವೆಲ್ಲ ಅದರಲ್ಲಿ ನೇರವಾಗಿ ಕಾಣುತ್ತವೆ. ಓದಲು ಒಂದು ಪ್ರತಿ, ಅನುಮಾನ ಬಂದಾಗ ತೆರೆದು ನೋಡಲು ಒಂದು ಪ್ರತಿ ಇರಲಿ. ಫೋನಿನಲ್ಲಿ ಜಾಗ ಸಾಲದಿದ್ದರೆ ಎರಡನೆಯದು ಕಂಪ್ಯೂಟರಿನಲ್ಲಿದ್ದರೂ ಸಾಕು.